ಎಷ್ಟು ಟನ್ ಅಂತ ಕೇಳೋ ಮೊದಲು, ಗಾಲಿ ಎಲ್ಲಿದೆ ಅಂತ ಕೇಳೋಣ

2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೇ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕ ಬದುಕಿ ಬಂದರು. ಜೋಯಿಡಾದಲ್ಲಿ ಹುಟ್ಟಿ ದಾಂಡೇಲಿ ಹಾದು ಹೋಗುವ ಅದೇ ಕಾಳಿ ಆದ್ದರಿಂದ ನಮ್ಮ ಕಡೆ ಅದರ ಮಾತು ಬಹಳ ದಿನ ನಡೆಯಿತು. ಹಾಸ್ಟೆಲ್‌ನಲ್ಲಿ, ಕ್ಯಾಂಟೀನ್‌ನಲ್ಲಿ, ಬಸ್ಸಿನಲ್ಲಿ ಎಲ್ಲ ಕಡೆ ಒಂದೇ ಪ್ರಶ್ನೆ: "ಲಾರೀಲಿ ಎಷ್ಟು ಟನ್ ಇತ್ತಂತೆ?"

ಆ ಸೇತುವೆ ಯಾಕೆ ಬಿತ್ತು ಅನ್ನೋದು ಈ ಬರಹದ ವಿಷಯ ಅಲ್ಲ. ಸೇತುವೆ ಬೀಳೋಕೆ ಅಡಿಪಾಯ, ಬೇರಿಂಗ್, ತುಕ್ಕು ಹೀಗೆ ಹತ್ತು ದಾರಿ ಇವೆ. ನಮ್ಮ ತಕರಾರು ಇರೋದು ಆ ಪ್ರಶ್ನೆಯ ಮೇಲೆ. ಸೇತುವೆ ಮೇಲೆ ಎಷ್ಟು ಭಾರ ಇದೆ ಅನ್ನೋ ಒಂದೇ ಸಂಖ್ಯೆಯಿಂದ ಗರ್ಡರ್‌ಗೆ ಏನಾಗ್ತಿದೆ ಅಂತ ಹೇಳೋಕೆ ಆಗೋದಿಲ್ಲ. ಬೇರೆ ಬ್ರಾಂಚಿನವರು ಹಾಗೆ ಕೇಳಿದರೆ ಸಹಜ. ಆದರೆ ಪ್ರಭಾವ ರೇಖೆಯ, ಅಂದ್ರೆ ಇನ್‌ಫ್ಲುಯೆನ್ಸ್ ಲೈನಿನ, ಪಾಠ ಮುಗಿಸಿದ ಸಿವಿಲ್‌ನವರೂ ಅದನ್ನೇ ಕೇಳಿದರೆ, ಪಾಠ ಹೇಳಿಕೊಡುವ ರೀತಿಯಲ್ಲೇ ಏನೋ ತಪ್ಪಿದೆ ಅಂತ ನಮಗೆ ಅನಿಸುತ್ತದೆ. ಆ ಪಾಠ ಇರೋದೇ ಗಾಲಿಗಳನ್ನು ಎಲ್ಲಿ ನಿಲ್ಲಿಸಿದರೆ ಗರ್ಡರ್‌ಗೆ ಅತಿ ಕೆಟ್ಟದ್ದು ಅಂತ ಹುಡುಕೋಕೆ. ನಾವು ಅದನ್ನು ಸೂತ್ರ ಬಾಯಿಪಾಠ ಮಾಡಿ ಉತ್ತರ ಬರೆಯುವ ಲೆಕ್ಕ ಮಾಡಿಬಿಟ್ಟಿದ್ದೇವೆ.

ಒಂದು ಉದಾಹರಣೆ ಪೂರ್ತಿ ಮಾಡಿ ನೋಡೋಣ. ಮುಂಡಗೋಡ ತಾಲೂಕಿನ ಪಾಳಾದಂಥ ಊರಿನ ರಸ್ತೆಯಲ್ಲಿ, ಹಳ್ಳಕ್ಕೆ ಅಡ್ಡಲಾಗಿ ಒಂದು ಸಣ್ಣ ಸೇತುವೆ ಇದೆ ಅಂದುಕೊಳ್ಳಿ. ಸ್ಪ್ಯಾನ್ 12 ಮೀಟರ್, ಎರಡೂ ತುದಿಗೆ ಸಾದಾ ಆಧಾರ. ಎಡ ತುದಿಯನ್ನು A, ಬಲ ತುದಿಯನ್ನು B ಅನ್ನೋಣ.

ಇನ್ನು ವಾಹನ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಸಂಹಿತೆ IRC:6ರಲ್ಲಿ ಕ್ಲಾಸ್ A ಅಂತ ಒಂದು ಕಾಲ್ಪನಿಕ ವಾಹನ ಇದೆ. ಮುಂದೆ ಒಂದು ಎಳೆಯುವ ಗಾಡಿ, ಹಿಂದೆ ಎರಡು ಟ್ರೇಲರ್. ಹಂಗಾಮಿನಲ್ಲಿ ಹಳಿಯಾಳದ ರಸ್ತೆಗಳಲ್ಲಿ ಎರಡು ಟ್ರಾಲಿ ಕಬ್ಬು ಎಳೆದುಕೊಂಡು ಹೋಗುವ ಟ್ರ್ಯಾಕ್ಟರ್ ನೋಡಿದವರಿಗೆ ಇದರ ರೂಪ ಹೊಸದಲ್ಲ, ತೂಕ ಮಾತ್ರ ಬೇರೆ. ಇದರ ಆಕ್ಸಲ್ ಎಂಟು. ಮುಂದಿನಿಂದ ಕ್ರಮವಾಗಿ ಭಾರ 27, 27, 114, 114, 68, 68, 68, 68 ಕಿಲೋನ್ಯೂಟನ್. ನಡುವಿನ ಅಂತರ 1.1, 3.2, 1.2, 4.3, 3, 3, 3 ಮೀಟರ್. ಒಟ್ಟು ಭಾರ 554 ಕಿಲೋನ್ಯೂಟನ್, ಮೊದಲ ಆಕ್ಸಲ್‌ನಿಂದ ಕೊನೆಯದಕ್ಕೆ 18.8 ಮೀಟರ್. ಅಂದ್ರೆ ವಾಹನ ಸೇತುವೆಗಿಂತ ಉದ್ದ. ಎಂಟೂ ಆಕ್ಸಲ್ ಒಟ್ಟಿಗೆ ಈ ಗರ್ಡರ್ ಮೇಲೆ ಕೂರೋದೇ ಇಲ್ಲ. ಸಾಲಿನಲ್ಲಿ ಹಿಂದೆ ಬರುವ ಇನ್ನೊಂದು ವಾಹನ ಕನಿಷ್ಠ 18.5 ಮೀಟರ್ ದೂರ ಇರಬೇಕು ಅನ್ನೋ ನಿಯಮ ಇರೋದರಿಂದ ಅದರ ಚಿಂತೆ ಇಲ್ಲಿ ಬೇಡ.

ಈಗ ರೇಖೆ. ಬೆಂಡಿಂಗ್ ಮೊಮೆಂಟ್ ಡಯಾಗ್ರಾಮ್‌ಗೂ ಪ್ರಭಾವ ರೇಖೆಗೂ ಇರುವ ವ್ಯತ್ಯಾಸ ಇಷ್ಟೇ: ಡಯಾಗ್ರಾಮ್‌ನಲ್ಲಿ ಭಾರ ನಿಂತಿರುತ್ತದೆ, ನಾವು ಗರ್ಡರ್ ಉದ್ದಕ್ಕೂ ನಡೆದು ಎಲ್ಲೆಲ್ಲಿ ಎಷ್ಟು ಮೊಮೆಂಟ್ ಇದೆ ಅಂತ ನೋಡ್ತೇವೆ. ಪ್ರಭಾವ ರೇಖೆಯಲ್ಲಿ ನಾವು ಒಂದೇ ಜಾಗದಲ್ಲಿ ನಿಂತಿರುತ್ತೇವೆ, ಒಂದು ಘಟಕದ ಭಾರ ಈ ತುದಿಯಿಂದ ಆ ತುದಿಗೆ ನಡೆಯುತ್ತದೆ. ಆ ಭಾರ ಎಲ್ಲಿದ್ದಾಗ ನಮ್ಮ ಜಾಗಕ್ಕೆ ಎಷ್ಟು ತಟ್ಟಿತು ಅಂತ, ಭಾರ ಇದ್ದ ಜಾಗದ ಮೇಲೇ ಗುರುತು ಹಾಕ್ತೇವೆ. ಗುರುತುಗಳನ್ನು ಸೇರಿಸಿದರೆ ರೇಖೆ.

A ಆಧಾರದ ರಿಯಾಕ್ಷನ್ ತೆಗೆದುಕೊಳ್ಳಿ. ಬಿದಿರಿನ ಗಳಕ್ಕೆ ಕೊಡ ನೇತುಹಾಕಿ ಇಬ್ಬರು ಹೊತ್ತರೆ, ಕೊಡ ಯಾರ ಹೆಗಲಿಗೆ ಹತ್ತಿರವೋ ಅವರಿಗೆ ಹೆಚ್ಚು ಭಾರ. ಕೊಡ ಪೂರ್ತಿ A ಹೆಗಲ ಮೇಲಿದ್ದರೆ 1, B ಹೆಗಲ ಮೇಲಿದ್ದರೆ 0, ನಡುವೆ ನೇರ ಗೆರೆ. ರಿಯಾಕ್ಷನ್‌ನ ರೇಖೆ ಅಷ್ಟೇ. ಗರ್ಡರ್ ನಡುವಿನ ಮೊಮೆಂಟ್‌ಗೆ ಬಂದರೆ, ಘಟಕ ಭಾರ ಸರಿಯಾಗಿ ನಡುವೆ ಇದ್ದಾಗ ಪ್ರತಿ ಆಧಾರಕ್ಕೆ ಅರ್ಧ, ಅದಕ್ಕೆ 6 ಮೀಟರ್ ತೋಳು, ಅಂದ್ರೆ ಮೊಮೆಂಟ್ 3. ಭಾರ ತುದಿಗಳಲ್ಲಿದ್ದರೆ ಸೊನ್ನೆ. ಹಾಗಾಗಿ 3 ಎತ್ತರದ ಒಂದು ತ್ರಿಕೋನ. ಈ ಎತ್ತರದ ಅಳತೆ ಮೀಟರ್‌ನಲ್ಲಿ. ಕಿಲೋನ್ಯೂಟನ್‌ಗೆ ಗುಣಿಸಿದರೆ ಕಿಲೋನ್ಯೂಟನ್-ಮೀಟರ್ ಬರಬೇಕಲ್ಲ. ರಿಯಾಕ್ಷನ್ ರೇಖೆಯ 1ಕ್ಕೆ ಮಾತ್ರ ಯಾವ ಅಳತೆಯೂ ಇಲ್ಲ. ಯಾರಾದರೂ ಎರಡಕ್ಕೂ ಒಂದೇ ಯೂನಿಟ್ ಬರೆದಿದ್ದರೆ ಅವರು ರೇಖೆಯನ್ನು ಅರ್ಥ ಮಾಡಿಕೊಳ್ಳದೆ ನಕಲು ಇಳಿಸಿದ್ದಾರೆ ಅಂತ ತಿಳಿಯಬಹುದು.

ಇಲ್ಲಿಂದ ಮುಂದೆ ನಮ್ಮ ಸಲಹೆ ಒಂದೇ: ಕ್ಯಾಲ್ಕ್ಯುಲೇಟರ್ ಪಕ್ಕಕ್ಕಿಡಿ. ಗ್ರಾಫ್ ಹಾಳೆ ಮೇಲೆ 1 ಸೆಂಟಿಮೀಟರ್‌ಗೆ 1 ಮೀಟರ್ ಸ್ಕೇಲಿನಲ್ಲಿ ಎರಡೂ ರೇಖೆ ಎಳೆಯಿರಿ. ಒಂದು ಕಾಗದದ ಪಟ್ಟಿ ಕತ್ತರಿಸಿ, ಅದೇ ಸ್ಕೇಲಿನಲ್ಲಿ ಎಂಟು ಆಕ್ಸಲ್ ಗುರುತು ಮಾಡಿ, ಪ್ರತಿಯೊಂದರ ಮೇಲೆ ಭಾರ ಬರೆಯಿರಿ. ಪಟ್ಟಿಯ ಗುರುತುಗಳು 18.8 ಸೆಂಟಿಮೀಟರ್‌ನಲ್ಲಿ ಮುಗಿಯುತ್ತವೆ. ಈಗ ಪಟ್ಟಿಯನ್ನು ರೇಖೆಯ ಕೆಳಗೆ ಮೆಲ್ಲಗೆ ಸರಿಸಿ. ಪ್ರತಿ ಆಕ್ಸಲ್ ಮೇಲೆ ರೇಖೆ ಎಷ್ಟು ಎತ್ತರ ಇದೆಯೋ ಅದನ್ನು ಆ ಭಾರಕ್ಕೆ ಗುಣಿಸಿ, ಎಲ್ಲ ಕೂಡಿಸಿದರೆ ಉತ್ತರ. ಕಂಪ್ಯೂಟರ್ ಬರುವ ಮೊದಲು ಸೇತುವೆ ಲೆಕ್ಕ ಮಾಡುತ್ತಿದ್ದವರ ಹಳೇ ಪದ್ಧತಿ ಇದು.

ಮೊದಲು ರಿಯಾಕ್ಷನ್. ರೇಖೆ A ಮೇಲೆ ಅತಿ ಎತ್ತರ, ಹಾಗಾಗಿ ಭಾರೀ ಆಕ್ಸಲ್ ಅಲ್ಲೇ ನಿಲ್ಲಬೇಕು. ಮೊದಲ 114 ಅನ್ನು A ಮೇಲೆ ಇಡಿ. ಎರಡು 27 ಸೇತುವೆ ದಾಟಿ ಆಚೆ ಹೋದವು. ಎರಡನೇ 114 ಇರೋದು 1.2 ಮೀಟರ್‌ನಲ್ಲಿ, ಅಲ್ಲಿ ಎತ್ತರ 0.9. ಟ್ರೇಲರ್‌ನ 68ಗಳು 5.5, 8.5, 11.5 ಮೀಟರ್‌ನಲ್ಲಿ, ಕೊನೆಯದು ಇನ್ನೂ ಸೇತುವೆ ಹತ್ತಿಲ್ಲ. ಗುಣಿಸಿ ಕೂಡಿಸಿದರೆ 276 ಕಿಲೋನ್ಯೂಟನ್. ಈಗ ವಾಹನವನ್ನು ತಿರುಗಿಸಿ ನಿಲ್ಲಿಸಿ: ಎರಡನೇ 114 A ಮೇಲೆ, ಎಳೆಯುವ ಗಾಡಿಯ ಮೂತಿ B ಕಡೆಗೆ. ಟ್ರೇಲರ್‌ಗಳೆಲ್ಲ ಸೇತುವೆಯ ಹೊರಗೆ ಉಳಿದವು, ಒಳಗೆ ಬಂದದ್ದು ಹಗುರವಾದ 27ಗಳು. ಉತ್ತರ 248. ಅದೇ ವಾಹನ, ಅದೇ ಆಧಾರ, ಬರೀ ಮುಖ ತಿರುಗಿಸಿದ್ದಕ್ಕೆ ಶೇಕಡ 10ರಷ್ಟು ಕಡಿಮೆ. ರಸ್ತೆಯಲ್ಲಿ ಗಾಡಿ ಹೋಗುತ್ತದೆ, ಬರುತ್ತದೆ. ಆದ್ದರಿಂದ ಎರಡೂ ದಿಕ್ಕು ನೋಡಲೇಬೇಕು. ಪಟ್ಟಿಯನ್ನು ಮಗುಚಿ ಹಾಕೋದು ಅಂದ್ರೆ ಇದೇ.

ಈಗ ನಡುವಿನ ಮೊಮೆಂಟ್. ಇಲ್ಲಿ ಕೈ ತಾನಾಗೇ ಮಾಡುವ ಕೆಲಸ ಏನು ಗೊತ್ತಾ? ವಾಹನದ ನಡುವನ್ನು ಗರ್ಡರ್‌ನ ನಡುವಿಗೆ ತಂದು ಕೂರಿಸೋದು. ಮಾಡಿ ನೋಡಿ. ಗರ್ಡರ್ ಮೇಲೆ ಉಳಿಯೋದು ಎರಡು 114 ಮತ್ತು ಎರಡು 68, ಅಂದ್ರೆ 364 ಕಿಲೋನ್ಯೂಟನ್. ಆದರೆ ಭಾರೀ ಆಕ್ಸಲ್‌ಗಳು A ಪಕ್ಕದಲ್ಲಿ, ರೇಖೆ ಇನ್ನೂ ತಗ್ಗಿರುವ ಕಡೆ ನಿಂತಿವೆ. ಮೊಮೆಂಟ್ 450 ಕಿಲೋನ್ಯೂಟನ್-ಮೀಟರ್ ಮಾತ್ರ.

ಪಟ್ಟಿಯನ್ನು ಬಲಕ್ಕೆ ಸರಿಸುತ್ತಾ ಹೋಗಿ, ಎರಡನೇ 114 ಸರಿಯಾಗಿ ತ್ರಿಕೋನದ ತುದಿಯ ಕೆಳಗೆ ಬರಲಿ. ಮೊದಲ 114 ಅದರ 1.2 ಮೀಟರ್ ಎಡಕ್ಕೆ, ಎತ್ತರ 2.4. ಎರಡು 27 ಎಡತುದಿಯ ಹತ್ತಿರ, ಎತ್ತರ 0.25 ಮತ್ತು 0.8. ಬಲಗಡೆ ಒಂದೇ ಒಂದು 68, ಎತ್ತರ 0.85. ಕೂಡಿಸಿ: 702 ಕಿಲೋನ್ಯೂಟನ್-ಮೀಟರ್. "ನಡುವಿಗೆ ನಡು" ಲೆಕ್ಕಕ್ಕಿಂತ ಒಂದೂವರೆ ಪಟ್ಟು ಹೆಚ್ಚು.

ಇದಕ್ಕಿಂತ ಕೆಟ್ಟ ಜಾಗ ಇಲ್ಲ ಅಂತ ಹೇಗೆ ನಂಬೋದು? ತಕ್ಕಡಿ ನೆನಪಿಸಿಕೊಳ್ಳಿ. ತ್ರಿಕೋನದ ಎರಡೂ ಇಳಿಜಾರು ಇಲ್ಲಿ ಸಮ. ಪಟ್ಟಿ ಬಲಕ್ಕೆ ಸರಿದರೆ ತುದಿಯ ಎಡಗಡೆಯ ಭಾರಗಳು ಮೇಲೇರುತ್ತವೆ, ಬಲಗಡೆಯವು ಕೆಳಗಿಳಿಯುತ್ತವೆ. ಎಡಗಡೆ ಹೆಚ್ಚು ಭಾರ ಇರುವವರೆಗೂ ಸರಿಸಿದಷ್ಟೂ ಮೊಮೆಂಟ್ ಹೆಚ್ಚುತ್ತದೆ. ನಮ್ಮ 114 ತುದಿ ಮುಟ್ಟುವ ಮೊದಲು ಎಡಕ್ಕೆ 282, ಬಲಕ್ಕೆ 68. ದಾಟಿದ ಮೇಲೆ ಎಡಕ್ಕೆ 168, ಬಲಕ್ಕೆ 182. ತಕ್ಕಡಿ ವಾಲಿದ್ದು ಆ ಗಾಲಿ ತುದಿ ದಾಟಿದಾಗ, ಹಾಗಾಗಿ ಗರಿಷ್ಠ ಅಲ್ಲೇ. ಮೊದಲ 114ಕ್ಕೂ ಇದೇ ಪರೀಕ್ಷೆ ಮಾಡಿ: ಅದು ತುದಿ ದಾಟುವ ಮೊದಲು 168 ಮತ್ತು 182, ದಾಟಿದ ಮೇಲೆ 54 ಮತ್ತು 296. ಎರಡೂ ಸಲ ಬಲವೇ ಜಾಸ್ತಿ, ವಾಲಲಿಲ್ಲ. ಆದ್ದರಿಂದ ಅದು ಗರಿಷ್ಠದ ಜಾಗ ಅಲ್ಲ. ಲೆಕ್ಕ ಹಾಕಿದರೆ ಅಲ್ಲಿ 693 ಬರುತ್ತದೆ. ನಡು ಬಿಟ್ಟು ಬೇರೆ ಜಾಗದ ಮೊಮೆಂಟ್ ಆದರೆ ತ್ರಿಕೋನ ಒಂದು ಕಡೆ ಕಡಿದಾಗಿರುತ್ತದೆ. ಆಗ ಬರೀ ಭಾರ ಹೋಲಿಸಬಾರದು, ಪ್ರತಿ ಕಡೆಯ ಭಾರವನ್ನು ಆ ಕಡೆಯ ಉದ್ದಕ್ಕೆ ಭಾಗಿಸಿ ಹೋಲಿಸಬೇಕು. ಪುಸ್ತಕದಲ್ಲಿ "ಸರಾಸರಿ ಭಾರದ ನಿಯಮ" ಅಂತ ಇರೋದು ಇದೇ.

ಈಗ ನಾವು ನಿಲ್ಲಿಸಿದ ಮೂರು ಜಾಗಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ರಿಯಾಕ್ಷನ್‌ಗಾಗಿ ನಿಲ್ಲಿಸಿದಾಗ ಗರ್ಡರ್ ಮೇಲಿದ್ದದ್ದು 432 ಕಿಲೋನ್ಯೂಟನ್, ಸುಮಾರು 44 ಟನ್. ಆಗ ನಡುವಿನ ಮೊಮೆಂಟ್ 391. ನಡುವಿಗೆ ನಡು ಇಟ್ಟಾಗ 364 ಕಿಲೋನ್ಯೂಟನ್, ಮೊಮೆಂಟ್ 450. ಅತಿ ಕೆಟ್ಟ ಜಾಗದಲ್ಲಿ ಬರೀ 350 ಕಿಲೋನ್ಯೂಟನ್, ಮೊಮೆಂಟ್ 702. ಮೂರರಲ್ಲಿ ಅತಿ ಕಡಿಮೆ ಭಾರ ಇದ್ದಾಗಲೇ ಅತಿ ಹೆಚ್ಚು ಮೊಮೆಂಟ್! ಇನ್ನೊಂದು ಕಡೆಯಿಂದ ನೋಡಿದರೆ, ಆ 702ರ ಜಾಗದಲ್ಲಿ A ಆಧಾರಕ್ಕೆ ಬೀಳೋದು 184 ಕಿಲೋನ್ಯೂಟನ್, ಅದರ ಗರಿಷ್ಠದ ಮೂರನೇ ಎರಡು ಭಾಗ. ಅಂದ್ರೆ ಮೊಮೆಂಟ್‌ಗೆ ಹುಡುಕಿದ ಜಾಗವನ್ನೇ ಬೇರಿಂಗ್‌ಗೂ ಬಳಸಿದವರು ಬೇರಿಂಗನ್ನು ಮೂರನೇ ಒಂದು ಭಾಗ ದುರ್ಬಲ ಮಾಡಿದ ಹಾಗೆ. ಪ್ರತಿ ಪ್ರಶ್ನೆಗೂ ಅದರದೇ ರೇಖೆ, ಅದರದೇ ಜಾಗ. "ಎಷ್ಟು ಟನ್" ಅನ್ನೋ ಪ್ರಶ್ನೆ ಯಾಕೆ ಸಾಲದು ಅಂತ ಇಷ್ಟರಲ್ಲಿ ಗೊತ್ತಾಯಿತಲ್ಲ.

ಇಲ್ಲಿ ಪರೀಕ್ಷೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ವಿಷಯದಲ್ಲಿ ಅತಿ ಹೆಚ್ಚು ಪುಟ ನುಂಗುವ ಪ್ರಶ್ನೆ "ಆಬ್ಸಲ್ಯೂಟ್ ಮ್ಯಾಕ್ಸಿಮಮ್ ಮೊಮೆಂಟ್". ಗರ್ಡರ್‌ನ ಅತಿ ದೊಡ್ಡ ಮೊಮೆಂಟ್ ಸರಿಯಾಗಿ ನಡುವೆ ಬರೋದಿಲ್ಲ, ಸ್ವಲ್ಪ ಪಕ್ಕದಲ್ಲಿ ಒಂದು ಗಾಲಿಯ ಕೆಳಗೆ ಬರುತ್ತದೆ, ಆ ಗಾಲಿ ಮತ್ತು ಒಟ್ಟು ಭಾರದ ಕೇಂದ್ರ ಎರಡೂ ನಡುವಿನಿಂದ ಸಮದೂರದಲ್ಲಿ ಇರಬೇಕು ಅನ್ನೋ ನಿಯಮ ಅದು. ನಿಯಮ ಸರಿಯಾದದ್ದೇ. ನಮ್ಮ ಗರ್ಡರ್‌ಗೆ ಅದನ್ನು ಹಚ್ಚಿದರೆ ಪಟ್ಟಿ ಇನ್ನೂ 0.16 ಮೀಟರ್ ಬಲಕ್ಕೆ ಸರಿಯುತ್ತದೆ, ಮೊಮೆಂಟ್ 701.8ರಿಂದ 702.5ಕ್ಕೆ ಏರುತ್ತದೆ. ಸಾವಿರಕ್ಕೆ ಒಂದರಷ್ಟು! ಸ್ಪ್ಯಾನ್ ಚಿಕ್ಕದಾದಷ್ಟೂ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ ನಿಜ. 4 ಮೀಟರ್ ಮೋರಿಯ ಮೇಲೆ ಎರಡು 114 ಮಾತ್ರ ಇದ್ದರೆ 159.6 ಇದ್ದದ್ದು 164.7 ಆಗುತ್ತದೆ, ಶೇಕಡ 3. ಅದನ್ನು ಕಲಿಸಬೇಡಿ ಅಂತ ನಾವು ಹೇಳ್ತಿಲ್ಲ. ಆದರೆ ಸಾವಿರಕ್ಕೆ ಒಂದರ ತಿದ್ದುಪಡಿಗೆ ಎರಡು ಪುಟ, ಒಂದೂವರೆ ಪಟ್ಟು ವ್ಯತ್ಯಾಸ ತರುವ ಜಾಗದ ಹುಡುಕಾಟಕ್ಕೆ "ಗರಿಷ್ಠಕ್ಕೆ ಈ ಗಾಲಿಯನ್ನು ನಡುವೆ ಇಡಿ" ಅಂತ ಪ್ರಶ್ನೆಯಲ್ಲೇ ಕೊಟ್ಟುಬಿಡುವ ಒಂದು ಸಾಲು! ಇದು ತಲೆಕೆಳಗಾದ ಲೆಕ್ಕ ಅಲ್ಲವೇ? ಯಾವ ಗಾಲಿ ಅಂತ ಪ್ರಶ್ನೆಪತ್ರಿಕೆಯೇ ಹೇಳಿದ ಮೇಲೆ ವಿದ್ಯಾರ್ಥಿಗೆ ಉಳಿಯೋದು ಗುಣಾಕಾರ ಮಾತ್ರ.

"ಇದೆಲ್ಲ ಸಾಫ್ಟ್‌ವೇರ್ ಮಾಡುತ್ತಲ್ಲ" ಅಂತ ಕೆಲವರು ಕೇಳಬಹುದು. ಮಾಡುತ್ತದೆ. ವಾಹನವನ್ನು ಹೆಜ್ಜೆ ಹೆಜ್ಜೆಯಾಗಿ ಸರಿಸಿ ಪ್ರತಿ ಹೆಜ್ಜೆಗೂ ಲೆಕ್ಕ ಹಾಕುತ್ತದೆ. ಹೆಜ್ಜೆ ಎಷ್ಟು ದೊಡ್ಡದು ಅಂತ ಹೇಳೋರು ನಾವು. ನಮ್ಮ ಗರ್ಡರ್‌ನಲ್ಲಿ ಎರಡನೇ 114 ತುದಿಗಿಂತ ಅರ್ಧ ಮೀಟರ್ ಹಿಂದೆ ನಿಂತರೆ 53 ಕಿಲೋನ್ಯೂಟನ್-ಮೀಟರ್ ಕೈಬಿಟ್ಟು ಹೋಗುತ್ತದೆ. ಅರ್ಧ ಮೀಟರ್ ಮುಂದೆ ಹೋದರೆ ಹೋಗೋದು 4ಕ್ಕಿಂತ ಕಡಿಮೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಯಲು. ದೊಡ್ಡ ಹೆಜ್ಜೆಯ ಲೆಕ್ಕ ಯಾವ ಕಡೆ ಬೀಳುತ್ತದೆ ಅನ್ನೋದು ಅದೃಷ್ಟ. ಕಂಡುಹಿಡಿಯೋ ದಾರಿ ಸುಲಭ: ಪಟ್ಟಿ ಇಟ್ಟು ಕೈಯಲ್ಲಿ ತೆಗೆದ ಸಂಖ್ಯೆಗಿಂತ ಸಾಫ್ಟ್‌ವೇರ್‌ನ ಗರಿಷ್ಠ ಕಡಿಮೆ ಬಂದರೆ ಹೆಜ್ಜೆ ದೊಡ್ಡದಾಯಿತು ಅಥವಾ ಒಂದು ದಿಕ್ಕು ಬಿಟ್ಟುಹೋಯಿತು. ಕೈಯಲ್ಲಿ ಒಂದು ಜಾಗ ನಿಜವಾಗಿ ಸಿಕ್ಕಿದೆ ಅಂದ ಮೇಲೆ ಗರಿಷ್ಠ ಅದಕ್ಕಿಂತ ಕಡಿಮೆ ಇರೋಕೆ ಸಾಧ್ಯವೇ ಇಲ್ಲ.

ಈ 702ಕ್ಕೂ ಮಿತಿ ಇದೆ, ಅದನ್ನು ಮುಚ್ಚಿಡಬಾರದು. ಇದು ಒಂದು ಸಾಲು ವಾಹನದ ಮೊಮೆಂಟ್. ಸೇತುವೆಯಲ್ಲಿ ಹಲವು ಗರ್ಡರ್ ಇದ್ದರೆ ಯಾವುದಕ್ಕೆ ಎಷ್ಟು ಪಾಲು ಅಂತ ಬೇರೆ ಲೆಕ್ಕ ಮಾಡಬೇಕು. ಓಡುವ ಗಾಡಿಯ ಕುಲುಕಾಟಕ್ಕೆ ಇಂಪ್ಯಾಕ್ಟ್ ಸೇರಿಸಬೇಕು. ಕಾಂಕ್ರೀಟ್ ಸೇತುವೆಗೆ ಕ್ಲಾಸ್ A ಭಾರಕ್ಕೆ ಸೂತ್ರ 4.5/(6+L), ನಮ್ಮ 12 ಮೀಟರ್‌ಗೆ ಶೇಕಡ 25. ಆದರೆ ಇವೆಲ್ಲ ಗುಣಾಕಾರಗಳು. 450 ಅನ್ನು ಶೇಕಡ 25 ಹೆಚ್ಚಿಸಿದರೂ 563, ಇಂಪ್ಯಾಕ್ಟ್ ಸೇರಿಸದ 702ನ್ನೂ ಮುಟ್ಟೋದಿಲ್ಲ. ಜಾಗ ತಪ್ಪಿದ್ದನ್ನು ಮುಂದಿನ ಹಂತಗಳು ಸರಿ ಮಾಡೋದಿಲ್ಲ, ಜೊತೆಗೆ ಹೊತ್ತುಕೊಂಡು ಹೋಗುತ್ತವೆ ಅಷ್ಟೇ.

ಹಾಗಾಗಿ ನಮ್ಮ ಕೋರಿಕೆ ಚಿಕ್ಕದು. ಈ ಪಾಠಕ್ಕೆ ಒಂದು ಕ್ಲಾಸಿನಲ್ಲಿ ಬೋರ್ಡಿನ ಬದಲು ಗ್ರಾಫ್ ಹಾಳೆ, ಕತ್ತರಿ ಮತ್ತು ಕಾಗದದ ಪಟ್ಟಿ ಕೊಡಿ. ವಾಹನ IRC ಸಂಹಿತೆಯದ್ದೇ ಇರಲಿ, "10, 20, 30 ಕಿಲೋನ್ಯೂಟನ್‌ನ ಮೂರು ಗಾಲಿ" ಸಾಕು. ಇಂಟರ್ನಲ್ಸ್‌ನಲ್ಲಿ ಒಂದು ಪ್ರಶ್ನೆಯಾದರೂ ಯಾವ ಗಾಲಿ ಎಲ್ಲಿ ಅಂತ ಹೇಳದೆ ಕೇಳಿ, ತಕ್ಕಡಿ ಯಾಕೆ ಅಲ್ಲೇ ವಾಲಿತು ಅಂತ ಎರಡು ಸಾಲು ಬರೆಸಿ, ಆ ಎರಡು ಸಾಲಿಗೆ ಉತ್ತರದಷ್ಟೇ ಅಂಕ ಕೊಡಿ.

ಇನ್ನು ಓದುಗ ಗೆಳೆಯರಿಗೆ. ನಿಮ್ಮ ಊರಿನ ಸೇತುವೆ ಪಕ್ಕ "ಗರಿಷ್ಠ ಇಷ್ಟು ಟನ್" ಅನ್ನೋ ಫಲಕ ಕಂಡರೆ ಅಲ್ಲಿಗೆ ನಿಲ್ಲಿಸಬೇಡಿ. ಸ್ಪ್ಯಾನ್ ಎಷ್ಟು ಅಂತ ಹೆಜ್ಜೆ ಹಾಕಿ ಅಳೆಯಿರಿ. ದಾಟುವ ಗಾಡಿಯ ಆಕ್ಸಲ್ ಎಷ್ಟು, ಎಷ್ಟೆಷ್ಟು ದೂರಕ್ಕಿವೆ ಅಂತ ನೋಡಿ. ಎರಡು ಟ್ರಾಲಿಯಲ್ಲಿ ಹರಡಿಕೊಂಡ ಕಬ್ಬು ಮತ್ತು ಒಂದೇ ಲಾರಿಯ ಹಿಂದಿನ ಎರಡು ಆಕ್ಸಲ್ ಮೇಲೆ ಕೂತ ಅಷ್ಟೇ ತೂಕದ ಮರಳು, 4 ಮೀಟರ್ ಮೋರಿಗೆ ಒಂದೇ ಅಲ್ಲ. ಫಲಕ ಎರಡನ್ನೂ ಒಂದೇ ಅನ್ನುತ್ತದೆ. ರೇಖೆ ಬೇರೆ ಬೇರೆ ಅನ್ನುತ್ತದೆ. ನಾವು ರೇಖೆಯ ಮಾತು ಕೇಳಬೇಕು.